ಟ್ರಸ್: ಸೆಕ್ಷನ್ ವಿಧಾನದಲ್ಲಿ ಡಯಾಗನಲ್ ಸರಿ, ಕಾರ್ಡ್ ಎರಡೂ ತಪ್ಪು. ಆದರೆ ಚೆಕ್ ಎಲ್ಲ ಸೊನ್ನೆ ಬರ್ತಿದೆ!

ಶ್ರೇಯಾ_ಸಿವಿಲ್

ಎಲ್ಲರಿಗೂ ನಮಸ್ಕಾರ. ಎರಡು ದಿನದಿಂದ ಒಂದೇ ಲೆಕ್ಕದ ಹಿಂದೆ ಬಿದ್ದಿದ್ದೇನೆ, ದಯವಿಟ್ಟು ಯಾರಾದರೂ ನೋಡಿ.

ಇಳಿಜಾರು ಚಾವಣಿಯ ಟ್ರಸ್. ಎರಡು ಆಧಾರಗಳ ನಡುವೆ 12 ಮೀಟರ್, ನಡುವಿನ ಎತ್ತರ 3 ಮೀಟರ್. ಕೆಳಗಡೆ 2 ಮೀಟರಿನ ಆರು ಪ್ಯಾನೆಲ್. ಕೆಳಗಿನ ಜಾಯಿಂಟ್‌ಗಳನ್ನು ಎಡದಿಂದ ಕೆ0, ಕೆ1 ಹೀಗೆ ಕೆ6ರವರೆಗೆ ಕರೆದಿದ್ದೇನೆ. ಕೆ0 ಮತ್ತು ಕೆ6 ಆಧಾರಗಳು. ಮೇಲಿನವು ಮೇ1ರಿಂದ ಮೇ5, ಮೇ3 ನೆತ್ತಿ. ಮೇ1 ಎತ್ತರ 1 ಮೀ, ಮೇ2 ಎತ್ತರ 2 ಮೀ, ಮೇ3 ಎತ್ತರ 3 ಮೀ, ಆ ಕಡೆಯೂ ಹಾಗೆಯೇ. ಪ್ರತಿ ಮೇಲಿನ ಜಾಯಿಂಟ್‌ನಿಂದ ನೇರ ಕೆಳಗೆ ಒಂದು ವರ್ಟಿಕಲ್. ಡಯಾಗನಲ್‌ಗಳು ಮೇಲಿನಿಂದ ನಡುವಿನ ಕಡೆಗೆ ಇಳಿಯುತ್ತವೆ: ಮೇ1ರಿಂದ ಕೆ2, ಮೇ2ರಿಂದ ಕೆ3.

ಭಾರ: ಮೇ1ರಿಂದ ಮೇ5ರವರೆಗೆ ತಲಾ 6 ಕಿಲೋನ್ಯೂಟನ್. ಎರಡು ತುದಿಗಳಲ್ಲಿ, ಅಂದರೆ ಕೆ0 ಮತ್ತು ಕೆ6ರ ಮೇಲೆ, ಅರ್ಧರ್ಧ, ತಲಾ 3.

ಕೇಳಿರುವುದು ಮೂರೇ ಮೆಂಬರ್: ಮೇ2–ಮೇ3, ಮೇ2–ಕೆ3, ಕೆ2–ಕೆ3. ಒಟ್ಟು ಭಾರ 36, ಆದ್ದರಿಂದ ರಿಯಾಕ್ಷನ್ ತಲಾ 18. ಕೆ2 ಮತ್ತು ಕೆ3ರ ನಡುವೆ ಕತ್ತರಿಸಿ ಎಡಭಾಗ ತೆಗೆದುಕೊಂಡೆ.

ನನಗೆ ಬಂದದ್ದು: ಬಾಟಮ್ ಕಾರ್ಡ್ 30 ಟೆನ್ಷನ್, ಟಾಪ್ ಕಾರ್ಡ್ 26.8 ಕಂಪ್ರೆಷನ್, ಡಯಾಗನಲ್ 8.5 ಕಂಪ್ರೆಷನ್. ಕೊಟ್ಟಿರುವ ಉತ್ತರ: 24, 20.1, 8.5.

ಡಯಾಗನಲ್ ಮಾತ್ರ ಹೇಗೆ ಸರಿಯಾಯಿತು? ಇನ್ನೂ ವಿಚಿತ್ರ ಅಂದರೆ ನನ್ನ ಮೂರು ಬಲಗಳನ್ನು ಹಾಕಿ ಅಡ್ಡ ಬಲಗಳ ಮೊತ್ತ ನೋಡಿದರೆ ಸೊನ್ನೆ, ಲಂಬ ಬಲಗಳ ಮೊತ್ತ ನೋಡಿದರೂ ಸೊನ್ನೆ. ಕೆ0ಯಿಂದ ಶುರುಮಾಡಿ ಜಾಯಿಂಟ್ ವಿಧಾನದಲ್ಲೂ ಮಾಡಿದೆ, ಅದರಲ್ಲೂ 30 ಬಂತು. ಉತ್ತರವೇ ತಪ್ಪು ಮುದ್ರಣವಾಗಿರಬಹುದಾ?

ಕಿರಣ್_ಗೇಟ್

ಶ್ರೇಯಾ, ನೀವು ಡಯಾಗನಲ್‌ಗೆ ಅಷ್ಟು ಕಷ್ಟಪಡಬೇಕಾಗಿಲ್ಲ. ಸೆಕ್ಷನ್ ವಿಧಾನದಲ್ಲಿ ಕಾರ್ಡ್‌ಗಳಿಗೆ ಮೊಮೆಂಟ್, ಡಯಾಗನಲ್‌ಗೆ ಲಂಬ ಬಲಗಳ ಮೊತ್ತ, ಇಷ್ಟೇ ಸೂತ್ರ. ಮೂರಕ್ಕಿಂತ ಹೆಚ್ಚು ಮೆಂಬರ್ ಕತ್ತರಿಸಬಾರದು, ಇದು ಎರಡನೇ ನಿಯಮ.

ನಿಮ್ಮ ತಪ್ಪು ರಿಯಾಕ್ಷನ್‌ನಲ್ಲಿದೆ. ತುದಿಯ 3 ನೇರ ಆಧಾರಕ್ಕೆ ಹೋಗುತ್ತದೆ, ಟ್ರಸ್‌ನೊಳಗೆ ಬರುವುದೇ ಇಲ್ಲ. ಹಾಗಾಗಿ 15 ಹಾಕಿ. ಎಡಭಾಗದಲ್ಲಿ ಮೇಲಕ್ಕೆ 15, ಕೆಳಕ್ಕೆ 6 ಮತ್ತು 6. ಉಳಿದದ್ದು 3. ಡಯಾಗನಲ್ 45 ಡಿಗ್ರಿ, ಹಾಗಾಗಿ ಬಲ 4.24, ಟೆನ್ಷನ್. ಕೊಟ್ಟಿರುವ 8.5 ನನಗೂ ಅನುಮಾನ.

ಗುರುಪಾದ ಮೇಷ್ಟ್ರು

ಕಿರಣ್, ರಿಯಾಕ್ಷನ್ ವಿಷಯ ನೀವು ಸರಿಯಾಗಿಯೇ ಹಿಡಿದಿದ್ದೀರಿ. ಡಯಾಗನಲ್ ವಿಷಯ ಮಾತ್ರ ಪೂರ್ತಿ ತಪ್ಪು, ಮತ್ತು ಆ ತಪ್ಪು ಸಣ್ಣದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ, ಮೊದಲು ಶ್ರೇಯಾ ಕೇಳಿದ್ದು.

ಶ್ರೇಯಾ ಅವರೇ, ರಿಯಾಕ್ಷನ್ 18 ಅನ್ನುವುದು ಸರಿ. ಆದರೆ ನೀವು ಎಡಭಾಗದ ಚಿತ್ರ ಬರೆಯುವಾಗ ಕೆ0ಯಲ್ಲಿ ಮೇಲಕ್ಕೆ 18 ಹಾಕಿ, ಅಲ್ಲೇ ಕೆಳಕ್ಕೆ ಒತ್ತುವ 3 ಬಿಟ್ಟಿದ್ದೀರಿ. ಎಣಿಸುವಾಗ ಆ 3 ಇತ್ತು, ಕತ್ತರಿಸುವಾಗ ಮಾಯವಾಯಿತು. ಎರಡನ್ನೂ ಹಾಕಿ, ಇಲ್ಲವೇ ಎರಡನ್ನೂ ಬಿಟ್ಟು 15 ಹಾಕಿ, ಎರಡೂ ಒಂದೇ. ಈಗ ಬಾಟಮ್ ಕಾರ್ಡ್ ನೋಡಿ. ಉಳಿದ ಎರಡು ಮೆಂಬರ್‌ಗಳು ಮೇ2ರಲ್ಲಿ ಕೂಡುತ್ತವೆ, ಹಾಗಾಗಿ ಮೊಮೆಂಟ್ ಅಲ್ಲಿಯೇ. ಮೇ2ರ ಮೇಲಿನ 6 ಆ ಬಿಂದುವಿನಲ್ಲೇ ಇರುವುದರಿಂದ ಲೆಕ್ಕಕ್ಕೆ ಬರುವುದಿಲ್ಲ.

```
15×4 − 6×2 = 48
48 ÷ 2 = 24   (ಟೆನ್ಷನ್)
```

ಟಾಪ್ ಕಾರ್ಡ್‌ಗೆ ಉಳಿದೆರಡು ಕೂಡುವುದು ಕೆ3ರಲ್ಲಿ. ಅಲ್ಲಿಂದ ಇಳಿಜಾರು ಕಾರ್ಡ್‌ಗೆ ಲಂಬ ದೂರ ಹುಡುಕುವ ಗೋಜು ಬೇಡ. ಬಲವನ್ನು ಅದರ ಗೆರೆಯ ಮೇಲೆ ಎಲ್ಲಿಗೆ ಸರಿಸಿದರೂ ಮೊಮೆಂಟ್ ಬದಲಾಗುವುದಿಲ್ಲ. ಅದನ್ನು ಮೇ3ಕ್ಕೆ ಸರಿಸಿ ಅಲ್ಲಿ ಅಡ್ಡ ಮತ್ತು ಲಂಬ ಭಾಗ ಮಾಡಿ. ಲಂಬ ಭಾಗ ನೇರ ಕೆ3ರ ಮೂಲಕವೇ ಹಾದುಹೋಗುತ್ತದೆ, ಅದರ ಮೊಮೆಂಟ್ ಸೊನ್ನೆ. ಅಡ್ಡ ಭಾಗಕ್ಕೆ ದೂರ ನೇರವಾಗಿ 3 ಮೀಟರ್.

```
15×6 − 6×4 − 6×2 = 54
ಅಡ್ಡ ಭಾಗ = 54 ÷ 3 = 18
ಪೂರ್ತಿ ಬಲ = 18 × √5/2 = 20.1   (ಕಂಪ್ರೆಷನ್)
```

18ಕ್ಕೇ ನಿಲ್ಲಿಸಿ ಅದೇ ಉತ್ತರ ಅಂತ ಬರೆದವರನ್ನು ನನ್ನ ಮೂವತ್ತು ವರ್ಷದ ಪಾಠದಲ್ಲಿ ಪ್ರತಿ ಬ್ಯಾಚಿನಲ್ಲೂ ನೋಡಿದ್ದೇನೆ. ಅದು ಅಡ್ಡ ಭಾಗ ಮಾತ್ರ.

ಈಗ ಡಯಾಗನಲ್. ಉಳಿದ ಎರಡು, ಅಂದರೆ ಟಾಪ್ ಕಾರ್ಡ್ ಮತ್ತು ಬಾಟಮ್ ಕಾರ್ಡ್, ಎಲ್ಲಿ ಕೂಡುತ್ತವೆ? ಎರಡನ್ನೂ ಎಡಕ್ಕೆ ಎಳೆದರೆ ಕೆ0ಯಲ್ಲಿ, ಆಧಾರದ ಮೇಲೆಯೇ. ಅಲ್ಲಿ ಮೊಮೆಂಟ್ ತೆಗೆದುಕೊಂಡರೆ ರಿಯಾಕ್ಷನ್ ಸಮೀಕರಣದಿಂದಲೇ ಹೊರಗೆ. ಡಯಾಗನಲ್ ಬಲವನ್ನು ಕೆ3ಕ್ಕೆ ಸರಿಸಿ. ಅಲ್ಲಿ ಅದರ ಅಡ್ಡ ಭಾಗ ಕೆ0ಯ ಮೂಲಕ ಹಾಯುತ್ತದೆ, ಲಂಬ ಭಾಗಕ್ಕೆ ದೂರ 6 ಮೀಟರ್.

```
6×2 + 6×4 = 36
ಲಂಬ ಭಾಗ = 36 ÷ 6 = 6
ಪೂರ್ತಿ ಬಲ = 6 × √2 = 8.49   (ಕಂಪ್ರೆಷನ್)
```

18 ಹಾಕಿ, 15 ಹಾಕಿ, ನೂರು ಹಾಕಿ, ಡಯಾಗನಲ್ ಅಲುಗುವುದಿಲ್ಲ. ಅದಕ್ಕೇ ನಿಮಗೆ ಅದೊಂದು ಸರಿಬಂತು.

ಶ್ರೇಯಾ_ಸಿವಿಲ್

ಸರ್, ತುಂಬಾ ಧನ್ಯವಾದ. ಡಯಾಗನಲ್‌ದು ಈಗ ಅರ್ಥವಾಯಿತು. ಕೆ0ಯ ಸುತ್ತ ಭಾರಗಳು ಎಡತುಂಡನ್ನು ಗಡಿಯಾರದ ದಿಕ್ಕಿಗೆ ತಿರುಗಿಸುತ್ತವೆ, ಅದನ್ನು ತಡೆಯಲು ಡಯಾಗನಲ್ ಕೆ3ರಲ್ಲಿ ಮೇಲಕ್ಕೆ ನೂಕಬೇಕು, ಆದ್ದರಿಂದ ಕಂಪ್ರೆಷನ್. ಸರಿನಾ?

ಆದರೆ ನನ್ನ ಮೊದಲ ಪ್ರಶ್ನೆ ಹಾಗೇ ಉಳಿದಿದೆ. ತಪ್ಪು ಉತ್ತರಕ್ಕೂ ಎರಡು ಚೆಕ್ ಸೊನ್ನೆ ಹೇಗೆ ಬಂದವು?

ಗುರುಪಾದ ಮೇಷ್ಟ್ರು

ದಿಕ್ಕು ಸರಿಯಾಗಿ ಹೇಳಿದಿರಿ.

ಚೆಕ್ ವಿಷಯ ಒಳ್ಳೆಯ ಪ್ರಶ್ನೆ. ನೀವು ಮೂರು ಮೊಮೆಂಟ್ ಸಮೀಕರಣ ಬರೆದಿರಿ, ಮೂರು ಬಿಂದುಗಳ ಸುತ್ತ: ಮೇ2, ಕೆ3, ಕೆ0. ಈ ಮೂರು ಒಂದೇ ಗೆರೆಯ ಮೇಲಿಲ್ಲ. ಒಂದೇ ಗೆರೆಯಲ್ಲಿಲ್ಲದ ಮೂರು ಬಿಂದುಗಳ ಸುತ್ತ ಮೊಮೆಂಟ್ ಸೊನ್ನೆಯಾದರೆ ಅಡ್ಡ ಮೊತ್ತವೂ ಲಂಬ ಮೊತ್ತವೂ ತಾನಾಗಿಯೇ ಸೊನ್ನೆಯಾಗಲೇಬೇಕು. ನಿಮ್ಮ ಚೆಕ್ ನೀವು ಕೂಡಿಸಿ ಕಳೆದದ್ದು ಸರಿಯಿದೆಯೇ ಎಂದಷ್ಟೇ ನೋಡಿತು. ಚಿತ್ರದಲ್ಲಿ ಬಿಟ್ಟುಹೋದ ಭಾರ ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ನೀವು ಬಿಡಿಸಿದ್ದು ತುದಿಯಲ್ಲಿ 18 ಮೇಲಕ್ಕೆ ನೂಕುವ ಇನ್ನೊಂದು ತುಂಡನ್ನು, ಆ ತುಂಡಿಗೆ ನಿಮ್ಮ ಉತ್ತರ ಸರಿಯೇ!

ತಪ್ಪು ಸಿಗಬೇಕಾದರೆ ಬಲಭಾಗ ತೆಗೆದುಕೊಂಡು ಒಂದೇ ಒಂದು ಮೆಂಬರ್ ಮತ್ತೆ ಮಾಡಿ. ಅದೇ ತಪ್ಪಿನೊಂದಿಗೆ ಮಾಡೋಣ. ಮೇ2ರ ಸುತ್ತ, ಬಲತುಂಡು: ಕೆ6ರಲ್ಲಿ 18, ದೂರ 8. ಭಾರಗಳು ಮೇ3, ಮೇ4, ಮೇ5ರಲ್ಲಿ, ದೂರ 2, 4, 6.

```
18×8 − 6×(2+4+6) = 72,   72 ÷ 2 = 36
```

ಎಡದಿಂದ 30, ಬಲದಿಂದ 36. ಒಂದೇ ಕಬ್ಬಿಣಕ್ಕೆ ಎರಡು ಬಲ ಇರಲು ಸಾಧ್ಯವಿಲ್ಲ. 15 ಹಾಕಿದರೆ ಎರಡೂ ಕಡೆಯಿಂದ 24. ಬಲಭಾಗದ ಲೆಕ್ಕದಲ್ಲಿ ಉಳಿದ ಭಾರಗಳೆಲ್ಲ ಬರುವುದರಿಂದ ಮಾತ್ರ ಈ ಚೆಕ್‌ಗೆ ಬೆಲೆ.

ಜಾಯಿಂಟ್ ವಿಧಾನದಲ್ಲಿ ನಿಮಗೆ ಸಿಗದಿದ್ದುದಕ್ಕೆ ಕಾರಣ, ಬಹುಶಃ ಅರ್ಧ ಟ್ರಸ್ ಮುಗಿಸಿ ಸಿಮೆಟ್ರಿ ಎಂದು ನಿಲ್ಲಿಸಿದಿರಿ. ಕೆ3ರವರೆಗೂ ಹೋಗಿದ್ದರೆ ಆ ಜಾಯಿಂಟ್‌ನಲ್ಲಿ 6 ಉಳಿದುಬಿಡುತ್ತಿತ್ತು. ಎರಡು ತುದಿಯ ಎರಡು ಮೂರುಗಳು ಅಲ್ಲಿ ಬಂದು ಕೂರುತ್ತವೆ.

ಶ್ರೇಯಾ_ಸಿವಿಲ್

ಹೌದು ಸರ್, ಮೇ2ಕ್ಕೇ ನಿಲ್ಲಿಸಿದ್ದೆ. ಈಗ ಕೆ3 ಮಾಡಿ ನೋಡಿದೆ, ಸರಿಯಾಗಿ 6 ಉಳಿಯಿತು!

ಕಿರಣ್_ಗೇಟ್

ಮೇಷ್ಟ್ರೇ, ನನ್ನ 4.24 ಎಲ್ಲಿ ತಪ್ಪು? ಲಂಬ ಬಲಗಳ ಮೊತ್ತ ಸೊನ್ನೆ ಅನ್ನುವುದು ಯಾವ ತುಂಡಿಗಾದರೂ ನಿಜ ತಾನೇ. ಸೇತುವೆಯ ಟ್ರಸ್‌ಗಳಲ್ಲಿ ನಾನು ಯಾವಾಗಲೂ ಹೀಗೇ ಮಾಡುತ್ತೇನೆ, ಉತ್ತರ ಸರಿಯಾಗಿ ಬರುತ್ತದೆ.

ಗುರುಪಾದ ಮೇಷ್ಟ್ರು

ನೀವು ಮಾಡಿದ ಸೇತುವೆ ಟ್ರಸ್‌ಗಳಲ್ಲಿ ಮೇಲಿನ ಕಾರ್ಡ್ ಕೆಳಗಿನ ಕಾರ್ಡ್‌ಗೆ ಸಮಾನಾಂತರ ಇದ್ದಿರಬೇಕು. ಅಲ್ಲಿ ಎರಡೂ ಕಾರ್ಡ್ ಅಡ್ಡ, ಲಂಬವಾಗಿ ಏನೂ ಕೊಡುವುದಿಲ್ಲ, ಹಾಗಾಗಿ ಲಂಬ ಬಲವೆಲ್ಲ ಡಯಾಗನಲ್ ಒಂದೇ ಹೊರಬೇಕು. ನಿಮ್ಮ ಸೂತ್ರ ಅಲ್ಲಿ ಸೊಗಸಾಗಿ ನಡೆಯುತ್ತದೆ. ಅಲ್ಲಿ ಕಾರ್ಡ್ ಎರಡೂ ಎಲ್ಲೂ ಕೂಡುವುದೂ ಇಲ್ಲ, ಹಾಗಾಗಿ ಡಯಾಗನಲ್‌ಗೆ ಮೊಮೆಂಟ್ ಬಿಂದುವೇ ಸಿಗುವುದಿಲ್ಲ, ಲಂಬ ಮೊತ್ತವೇ ದಾರಿ.

ಇಲ್ಲಿ ಟಾಪ್ ಕಾರ್ಡ್ ಓರೆ. ಅಡ್ಡಕ್ಕೆ 18 ಒತ್ತಿದರೆ ಲಂಬಕ್ಕೆ 9 ಒತ್ತುತ್ತದೆ, ಎಡತುಂಡನ್ನು ಕೆಳಕ್ಕೆ. ನೀವು ಅದನ್ನು ಬರೆದೇ ಇಲ್ಲ. ಬರೆದರೆ:

```
15 − 12 − 9 + ಡಯಾಗನಲ್ ಲಂಬ ಭಾಗ = 0
ಡಯಾಗನಲ್ ಲಂಬ ಭಾಗ = 6, ಮೇಲಕ್ಕೆ
```

ಮೇಲಕ್ಕೆ 6 ಅಂದರೆ ಒತ್ತಡ. ಅದೇ 8.49. ನಿಮ್ಮ ಲೆಕ್ಕದಲ್ಲಿ ಬಲ ಅರ್ಧವಾಯಿತು ಅಷ್ಟೇ ಅಲ್ಲ, ಎಳೆತ ಮತ್ತು ಒತ್ತಡ ಅದಲುಬದಲಾಯಿತು. ನನಗೆ ಚಿಂತೆ ಅದು.

ಇನ್ನೊಂದು, ಬಲಗಳನ್ನು ಉಳಿದೆರಡರ ಕೂಡುವ ಬಿಂದುವಿನ ಸುತ್ತಲೇ ಒಂದೊಂದಾಗಿ ಬಿಡಿಸುವ ಈ ಕ್ರಮವನ್ನು 1860ರ ದಶಕದಲ್ಲಿ ಜರ್ಮನಿಯ ಆಗಸ್ಟ್ ರಿಟ್ಟರ್ ಪ್ರಚಾರಕ್ಕೆ ತಂದರು. ಜರ್ಮನ್ನರು ಇಂದಿಗೂ ಸೆಕ್ಷನ್ ವಿಧಾನಕ್ಕೆ ಅವರ ಹೆಸರನ್ನೇ ಹೇಳುತ್ತಾರೆ. ಒಂದು ಮೆಂಬರಿನ ತಪ್ಪು ಇನ್ನೊಂದಕ್ಕೆ ದಾಟುವುದಿಲ್ಲ, ಅದು ಇದರ ದೊಡ್ಡ ಗುಣ. ಲಂಬ ಮೊತ್ತದಿಂದ ಹೋದರೆ ಟಾಪ್ ಕಾರ್ಡ್ ತಪ್ಪಿದಾಗ ಡಯಾಗನಲ್ ಕೂಡ ತಪ್ಪುತ್ತದೆ.

ಕಿರಣ್_ಗೇಟ್

ಒಪ್ಪಿದೆ ಮೇಷ್ಟ್ರೇ. ಓರೆ ಕಾರ್ಡ್‌ನ ಲಂಬ ಭಾಗ ನನ್ನ ತಲೆಗೇ ಬಂದಿರಲಿಲ್ಲ. ಮೇಲಿನ ಉತ್ತರ ಹಾಗೇ ಬಿಡುತ್ತೇನೆ, ಯಾರಾದರೂ ಇದೇ ತಪ್ಪು ಮಾಡಿದರೆ ಕೆಳಗೆ ಓದಲಿ.

ಶೆಡ್ ಬಸಣ್ಣ

ನಮಸ್ಕಾರ್ರೀ ಎಲ್ಲಾರಿಗೂ. ನಾ ಶೆಡ್ ಫ್ಯಾಬ್ರಿಕೇಷನ್ ಮಾಡಾಂವ. ಓದಿದ್ದು ಐಟಿಐ, ನಿಮ್ಮ ಮೊಮೆಂಟ್ ಎಲ್ಲ ನಂಗ ತಿಳಿಯಂಗಿಲ್ಲ. ಆದ್ರ ಈ 12 ಮೀಟರ್ ಟ್ರಸ್ ನಾ ಇಪ್ಪತ್ತು ಮಾಡೀನಿ, 40 ಫೂಟ್ ಅಂತೀವಿ ನಾವು. ಇದಕ್ಕ ಯಾವ ಆಂಗಲ್ ಹಾಕಬೇಕು ಅಂತ ಕೇಳಾಕತ್ತೀರಲ್ಲ, ನಾ ಒಳಗಿನ ಎಲ್ಲಾ ಮೆಂಬರಿಗೂ 50 ಬೈ 50 ಬೈ 6 ಹಾಕ್ತೀನಿ. ಎಳೀಲಿ, ಒತ್ತಲಿ, ಎಲ್ಲಾದಕ್ಕೂ ಅದ ಸಾಕು.

ನಂದೂ ಒಂದ್ ಪ್ರಶ್ನಿ ಐತಿ. ಹೋದ ವರ್ಷ ಒಂದ್ ಶೆಡ್ ಮಾಡಿದ್ವಿ, ಮ್ಯಾಲಿನ ಆಂಗಲ್ ಎರಡು ಜಾಯಿಂಟಿನ ನಡುವ ಬಗ್ಗೇತಿ. ಜಾಯಿಂಟ್ ಎಲ್ಲಾ ಗಟ್ಟಿ ಅದಾವ, ವೆಲ್ಡಿಂಗ್ ಬಿಟ್ಟಿಲ್ಲ. ಈ ನಿಮ್ಮ ಕತ್ತರಿಸೋ ಲೆಕ್ಕದಾಗ ಅದು ಯಾಕ ಬಗ್ತು ಅಂತ ಸಿಗತೈತೇನು?

ವಿದ್ಯಾ_ಕುಡ್ಲ

ಬಸಣ್ಣ ಅವರೇ, ನಾನು ಕರಾವಳಿಯಲ್ಲಿ ಸ್ಟ್ರಕ್ಚರಲ್ ಡಿಸೈನ್ ಮಾಡುತ್ತೇನೆ. ಶ್ರೇಯಾ ಕೇಳಿದ್ದು ಬಲ ಎಷ್ಟು ಎಂದು, ಆಂಗಲ್ ಯಾವುದು ಎಂದಲ್ಲ. ಆದರೂ ನಿಮ್ಮ ಮಾತು ಬಂದದ್ದು ಒಳ್ಳೆಯದಾಯಿತು, ಕಿರಣ್ ಅವರ 4.24 ಯಾಕೆ ಅಪಾಯ ಎನ್ನುವುದು ಇದರಿಂದ ಕಾಣುತ್ತದೆ.

ಮೇ2–ಕೆ3 ಡಯಾಗನಲ್‌ನ ಉದ್ದ 2.83 ಮೀಟರ್. ನಿಮ್ಮ 50×50×6 ಆಂಗಲ್‌ನ ಅತಿ ಕಡಿಮೆ ಗೈರೇಷನ್ ತ್ರಿಜ್ಯ ಸುಮಾರು 9.6 ಮಿಲಿಮೀಟರ್. ಉದ್ದವನ್ನು ಅದರಿಂದ ಭಾಗಿಸಿದರೆ 295 ಹತ್ತಿರ. ತುದಿಗಳ ಹಿಡಿತಕ್ಕೆ ವಿನಾಯಿತಿ ಕೊಟ್ಟು 0.85ರಿಂದ ಗುಣಿಸಿದರೂ 250. ಐಎಸ್ 800 (2007) ಪ್ರಕಾರ ಚಾವಣಿಯ ಸ್ವಂತ ಭಾರ, ಜನರ ಭಾರದಿಂದ ಒತ್ತಡಕ್ಕೆ ಸಿಗುವ ಮೆಂಬರ್‌ಗೆ ಈ ಸಂಖ್ಯೆ 180 ದಾಟಬಾರದು. ಎಳೆತಕ್ಕೆ ಮಾತ್ರ ಸಿಗುವ ಮೆಂಬರ್‌ಗಾದರೆ 400ರವರೆಗೆ ಹೋಗಬಹುದು. ಅಂದರೆ ಟೆನ್ಷನ್ ಎಂದು ತಿಳಿದವರು ಇದೇ ಆಂಗಲ್ ಕಣ್ಣುಮುಚ್ಚಿ ಹಾಕುತ್ತಾರೆ, ಕಂಪ್ರೆಷನ್ ಎಂದು ಗೊತ್ತಿದ್ದವರು ಹಾಕುವುದಿಲ್ಲ. ಎಂಟೂವರೆ ಕಿಲೋನ್ಯೂಟನ್ ದೊಡ್ಡ ಬಲವೇನೂ ಅಲ್ಲ, ಆದರೆ ತೆಳುವಾದ ಉದ್ದ ಆಂಗಲ್ ಒತ್ತಿದಾಗ ಪಕ್ಕಕ್ಕೆ ಬಾಗಿಬಿಡುತ್ತದೆ.

ನಿಮ್ಮ ಶೆಡ್ ಬಗ್ಗೆ ಒಂದು ಕೇಳಬೇಕು. ಪರ್ಲಿನ್‌ಗಳು ಜಾಯಿಂಟ್ ಮೇಲೆ ಸರಿಯಾಗಿ ಕೂತಿವೆಯಾ, ಅಥವಾ ಜಾಯಿಂಟ್ ನಡುವೆಯೂ ಇವೆಯಾ?

ಶೆಡ್ ಬಸಣ್ಣ

ಶೀಟಿನ ಅಳತಿಗೆ ಪರ್ಲಿಂಗ್ ಇಟ್ಟೀವ್ರೀ ಮೇಡಂ. ಕೆಲವು ಜಾಯಿಂಟ್ ಮ್ಯಾಲ, ಕೆಲವು ನಡುವ. ಬಗ್ಗಿದ್ದು ನಡುವ ಪರ್ಲಿಂಗ್ ಇರೋ ಜಾಗದಾಗ.

ವಿದ್ಯಾ_ಕುಡ್ಲ

ಹಾಗಾದರೆ ಅನುಮಾನ ಅಲ್ಲೇ. ಸೆಕ್ಷನ್ ವಿಧಾನ ಇರಲಿ, ಜಾಯಿಂಟ್ ವಿಧಾನ ಇರಲಿ, ಎರಡೂ ಹೇಳುವುದು ಮೆಂಬರಿನ ಉದ್ದಕ್ಕೆ ಎಷ್ಟು ಎಳೆತ, ಎಷ್ಟು ಒತ್ತಡ ಎಂದಷ್ಟೇ. ಭಾರ ಜಾಯಿಂಟ್‌ನಲ್ಲಿ ಮಾತ್ರ ಇದೆ ಎಂದು ಅವು ನಂಬಿಕೊಂಡಿವೆ. ನಡುವೆ ಕೂತ ಪರ್ಲಿನ್ ಆ ಆಂಗಲ್ಲನ್ನು ತೊಲೆಯಂತೆ ಬಗ್ಗಿಸುತ್ತದೆ. ಟ್ರಸ್ ಲೆಕ್ಕಕ್ಕೆ ಆ ಭಾರವನ್ನು ಅಕ್ಕಪಕ್ಕದ ಎರಡು ಜಾಯಿಂಟ್‌ಗೆ ಹಂಚಿ ಬಲ ಕಂಡುಹಿಡಿಯಬಹುದು, ಆದರೆ ಆಮೇಲೆ ಆ ಮೆಂಬರನ್ನು ಒತ್ತಡ ಮತ್ತು ಬಾಗುವಿಕೆ ಎರಡೂ ಸೇರಿಸಿ ಪರೀಕ್ಷಿಸಬೇಕು. ಎರಡನೇ ಹೆಜ್ಜೆ ಬಿಟ್ಟರೆ ಕಾಗದದಲ್ಲಿ ಎಲ್ಲ ಸರಿ, ಮೇಲೆ ಆಂಗಲ್ ಬಾಗಿರುತ್ತದೆ.

ದಯವಿಟ್ಟು ಆ ಶೆಡ್‌ಗೆ ಹತ್ತಿರದ ಯಾರಾದರೂ ಡಿಸೈನರನ್ನು ಕರೆದುಕೊಂಡು ಹೋಗಿ ತೋರಿಸಿ. ಬಾಗಿದ ಕಂಪ್ರೆಷನ್ ಮೆಂಬರ್ ಇನ್ನಷ್ಟು ಬಾಗುವುದು ಸುಲಭ.

ಶೆಡ್ ಬಸಣ್ಣ

ಆಯ್ತ್ರೀ ಮೇಡಂ, ಈ ವಾರ ಕರಕೊಂಡು ಹೋಗ್ತೀನಿ. ಒಳಗಿನ ಉದ್ದ ಆಂಗಲ್ ಎಳೀತಾವೋ ಒತ್ತತಾವೋ ಅನ್ನೋದನ್ನೂ ಕೇಳ್ತೀನಿ.

ಶ್ರೇಯಾ_ಸಿವಿಲ್

ಮೇಡಂ, ಒಂದು ಅನುಮಾನ. ಕರಾವಳಿಯಲ್ಲಿ ಗಾಳಿ ಮೇಲಕ್ಕೆ ಎಳೆದರೆ ಇದೇ ಸೆಕ್ಷನ್ ಮತ್ತೆ ಮೊದಲಿನಿಂದ ಮಾಡಬೇಕಾ?

ವಿದ್ಯಾ_ಕುಡ್ಲ

ಭಾರದ ಹಂಚಿಕೆ ಅದೇ ಮಾದರಿಯಲ್ಲಿದ್ದರೆ ಬೇಡ. ಉದಾಹರಣೆಗೆ ಸ್ವಂತ ಭಾರ ಕಳೆದು ಪ್ರತಿ ಜಾಯಿಂಟ್‌ನಲ್ಲಿ ಮೇಲಕ್ಕೆ 3 ಉಳಿಯಿತು ಅಂದುಕೊಳ್ಳಿ. ಎಲ್ಲ ಬಲಗಳೂ ಅರ್ಧವಾಗಿ ತಿರುಗುತ್ತವೆ. ಬಾಟಮ್ ಕಾರ್ಡ್ 24 ಎಳೆತದಿಂದ 12 ಒತ್ತಡಕ್ಕೆ ಬರುತ್ತದೆ. ಬಾಟಮ್ ಕಾರ್ಡ್‌ಗೆ ಪಕ್ಕದಿಂದ ಹಿಡಿಯಲು ಪರ್ಲಿನ್ ಇರುವುದಿಲ್ಲ, ಹಾಗಾಗಿ ಶೀಟಿನ ಚಾವಣಿಗಳಲ್ಲಿ ನಾನು ಮೊದಲು ನೋಡುವುದೇ ಅದನ್ನು.

ಆದರೆ ನಿಜವಾದ ಗಾಳಿ ಇಳಿಜಾರಿಗೆ ಲಂಬವಾಗಿ ಎಳೆಯುತ್ತದೆ, ಎರಡು ಮಗ್ಗುಲಿಗೂ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ, ಆಧಾರದಲ್ಲಿ ಅಡ್ಡ ರಿಯಾಕ್ಷನ್ ಕೂಡ ಬರುತ್ತದೆ. ಆಗ ಅನುಪಾತ ನಡೆಯುವುದಿಲ್ಲ, ಹೊಸದಾಗಿ ಕತ್ತರಿಸಲೇಬೇಕು. ಡಯಾಗನಲ್‌ಗೆ ಕೆ0ಯ ಸುತ್ತ ಮೊಮೆಂಟ್ ಅನ್ನುವ ಉಪಾಯ ಮಾತ್ರ ಆಗಲೂ ಕೆಲಸ ಮಾಡುತ್ತದೆ, ಅಡ್ಡ ರಿಯಾಕ್ಷನ್ ಕೂಡ ಆ ಬಿಂದುವಿನಲ್ಲೇ ಹಾಯುವುದರಿಂದ.

ಶ್ರೇಯಾ_ಸಿವಿಲ್

ಗೊತ್ತಾಯಿತು ಮೇಡಂ. ಧೈರ್ಯ ಮಾಡಿ ವರ್ಟಿಕಲ್ ಮೇ2–ಕೆ2 ಕೂಡ ಪ್ರಯತ್ನಿಸಿದೆ. ಓರೆಯಾಗಿ ಕತ್ತರಿಸಿದೆ: ಮೇ1–ಮೇ2, ಮೇ2–ಕೆ2, ಕೆ2–ಕೆ3. ಮೂರೇ ಮೆಂಬರ್. ಕೆ0ಯ ಸುತ್ತ ಮೊಮೆಂಟ್, 6×2 + 6×4 = 36, ದೂರ 4, ಹಾಗಾಗಿ 9 ಟೆನ್ಷನ್. ಸರಿನಾ?

ಗುರುಪಾದ ಮೇಷ್ಟ್ರು

ಕತ್ತರಿಸಿದ್ದು ತುಂಬಾ ಚೆನ್ನಾಗಿದೆ. ಉತ್ತರ ತಪ್ಪು. ನಿಮ್ಮ ಕತ್ತರಿ ಮೇ2ರ ಎಡಕ್ಕೆ ಹಾದು, ಕೆ2ರ ಬಲಕ್ಕೆ ಇಳಿಯಿತು. ಅಂದರೆ ಕೆ2 ನಿಮ್ಮ ತುಂಡಿನಲ್ಲಿದೆ, ಮೇ2 ಆ ಕಡೆಯ ತುಂಡಿನಲ್ಲಿದೆ. ಮೇ2ರ ಮೇಲಿನ 6 ಯಾರದು?

ಶ್ರೇಯಾ_ಸಿವಿಲ್

ಅಯ್ಯೋ, ಆ ಕಡೆಯದು! ಎರಡೂ ಒಂದೇ ಗೆರೆಯಲ್ಲಿದ್ದದ್ದರಿಂದ ಎಡಕ್ಕೇ ಸೇರಿಸಿಬಿಟ್ಟೆ. ಹಾಗಾದರೆ 6×2 = 12, ಭಾಗ 4, ಅಂದರೆ 3 ಟೆನ್ಷನ್.

ಗುರುಪಾದ ಮೇಷ್ಟ್ರು

ಸರಿ. ಕೆ2 ಜಾಯಿಂಟ್‌ನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಮೇ1–ಕೆ2 ಡಯಾಗನಲ್ ಲಂಬವಾಗಿ 3 ಕೆಳಕ್ಕೆ ನೂಕುತ್ತದೆ, ವರ್ಟಿಕಲ್ 3 ಮೇಲಕ್ಕೆ ಎಳೆಯುತ್ತದೆ.

ಓರೆ ಕತ್ತರಿಯಲ್ಲಿ ಪೆನ್ಸಿಲ್‌ನಿಂದ ಗೆರೆ ಎಳೆದ ಮೇಲೆ, ನಿಮ್ಮ ತುಂಡಿನ ಜಾಯಿಂಟ್‌ಗಳ ಹೆಸರನ್ನು ಪಕ್ಕದಲ್ಲಿ ಬರೆದುಬಿಡಿ. ಇಲ್ಲಿ ಕೆ0, ಕೆ1, ಕೆ2, ಮೇ1. ಈ ಪಟ್ಟಿಯಲ್ಲಿಲ್ಲದ ಜಾಯಿಂಟಿನ ಭಾರ ನಿಮ್ಮದಲ್ಲ.

ಕಿರಣ್_ಗೇಟ್

ನಡುವಿನ ವರ್ಟಿಕಲ್ ಮೇ3–ಕೆ3 ಮಾತ್ರ ಸೆಕ್ಷನ್‌ನಲ್ಲಿ ಸಿಗುವುದಿಲ್ಲ ಅಲ್ಲವೇ ಮೇಷ್ಟ್ರೇ? ಹೇಗೆ ಕತ್ತರಿಸಿದರೂ ನಾಲ್ಕು ಮೆಂಬರ್ ಬರುತ್ತದೆ. ನೆತ್ತಿಯ ಸುತ್ತ ಕತ್ತರಿಸಿದರೆ ಮೂರು, ಆದರೆ ಅದು ಜಾಯಿಂಟ್ ವಿಧಾನವೇ ಆಗಿಬಿಡುತ್ತದೆ.

ಗುರುಪಾದ ಮೇಷ್ಟ್ರು

ಗಮನಿಸಿದ್ದು ಸರಿ. ಆದರೆ "ಮೂರಕ್ಕಿಂತ ಹೆಚ್ಚು ಕತ್ತರಿಸಬಾರದು" ಎನ್ನುವ ನಿಮ್ಮ ನಿಯಮವನ್ನು ಸ್ವಲ್ಪ ತಿದ್ದಬೇಕು. ನಾಲ್ಕು ಕತ್ತರಿಸಿದರೆ ನಾಲ್ಕನ್ನೂ ಕಂಡುಹಿಡಿಯಲಾಗದು, ನಿಜ. ಆದರೆ ಅವುಗಳಲ್ಲಿ ಮೂರು ಒಂದೇ ಬಿಂದುವಿನಲ್ಲಿ ಹಾದರೆ ನಾಲ್ಕನೆಯದು ಒಂದೇ ಮೊಮೆಂಟ್‌ನಲ್ಲಿ ಸಿಗುತ್ತದೆ. ಕೆನಡಾದ ಕ್ವಿಬೆಕ್ ಸೇತುವೆಯಲ್ಲಿರುವಂಥ ಕೆ ಆಕಾರದ ಟ್ರಸ್‌ಗಳಲ್ಲಿ ಕಾರ್ಡ್ ಬಲ ಹೀಗೇ ತೆಗೆಯುವುದು. ವರ್ಟಿಕಲ್‌ನ ಮೇಲಿನ ತುಂಡು, ಕೆಳಗಿನ ತುಂಡು, ಎರಡು ಕಾರ್ಡ್, ಹೀಗೆ ನಡುವಿನ ಜಾಯಿಂಟನ್ನು ಬಳಸಿಕೊಂಡು ಕತ್ತರಿಸುತ್ತೇವೆ. ವರ್ಟಿಕಲ್‌ನ ಎರಡೂ ತುಂಡು ಒಂದೇ ಗೆರೆಯಲ್ಲಿರುವುದರಿಂದ ಕೆಳಗಿನ ಜಾಯಿಂಟ್‌ನಲ್ಲಿ ಮೂರು ಕೂಡುತ್ತವೆ, ಟಾಪ್ ಕಾರ್ಡ್ ನೇರ ಸಿಗುತ್ತದೆ.

ನಡುವಿನ ವರ್ಟಿಕಲ್‌ಗೆ ಎರಡು ವಿಧಾನ ಬೆರೆಸುವುದೇ ಸುಲಭ. ಸೆಕ್ಷನ್‌ನಿಂದ ಟಾಪ್ ಕಾರ್ಡ್ ಆಗಲೇ ಕೈಯಲ್ಲಿದೆ, ಲಂಬ ಭಾಗ 9. ನೆತ್ತಿಯಲ್ಲಿ ಎರಡೂ ಕಡೆಯಿಂದ 9 ಮೇಲಕ್ಕೆ ನೂಕುತ್ತವೆ, ಭಾರ 6 ಕೆಳಕ್ಕೆ.

```
9 + 9 − 6 = 12   (ಟೆನ್ಷನ್)
```

ಒಂದು ಸೆಕ್ಷನ್, ಒಂದು ಜಾಯಿಂಟ್. ತುದಿಯಿಂದ ಜಾಯಿಂಟ್ ಹಿಡಿದು ಬಂದಿದ್ದರೆ ಕೆ0, ಕೆ1, ಮೇ1, ಕೆ2, ಮೇ2 ಐದನ್ನೂ ದಾಟಬೇಕಿತ್ತು.

ಶ್ರೇಯಾ_ಸಿವಿಲ್

ಸರ್, ಕೊನೆಯ ಪ್ರಶ್ನೆ. ನೀವು ಪ್ರತಿ ಸಲ ದಿಕ್ಕನ್ನು ಮೊದಲೇ ಊಹಿಸಿ ಬರೆಯುತ್ತೀರಿ. ನಮ್ಮ ತರಗತಿಯಲ್ಲಿ ಎಲ್ಲ ಬಲಗಳನ್ನೂ ಟೆನ್ಷನ್ ಎಂದೇ ಬರೆದು, ಮೈನಸ್ ಬಂದರೆ ಕಂಪ್ರೆಷನ್ ಎನ್ನಲು ಹೇಳಿದ್ದಾರೆ. ಯಾವುದು ಒಳ್ಳೆಯದು?

ವಿದ್ಯಾ_ಕುಡ್ಲ

ಎಲ್ಲ ಟೆನ್ಷನ್ ಎಂದು ಬರೆಯುವುದೇ ನನಗಿಷ್ಟ. ಕಚೇರಿಯಲ್ಲಿ ಇನ್ನೊಬ್ಬರು ನನ್ನ ಲೆಕ್ಕ ಓದುವಾಗ ಚಿಹ್ನೆಯ ಅರ್ಥ ಹುಡುಕಬಾರದು. ಗಾಳಿಯ ಸಂದರ್ಭದಲ್ಲಿ ಊಹೆ ಬಹಳ ಸಲ ತಪ್ಪುತ್ತದೆ ಕೂಡ.

ಗುರುಪಾದ ಮೇಷ್ಟ್ರು

ನಾನು ಒಪ್ಪುವುದಿಲ್ಲ. ಯಾವ ತುಂಡು ಯಾವ ಕಡೆ ತಿರುಗಲು ನೋಡುತ್ತಿದೆ, ಯಾವ ಮೆಂಬರ್ ಅದನ್ನು ತಡೆಯುತ್ತಿದೆ ಎಂದು ಕಣ್ಣಿಗೆ ಕಾಣಬೇಕು. ಕಂಡವರಿಗೆ 4.24 ಟೆನ್ಷನ್ ಬಂದಾಗ ಕೈ ತಾನಾಗಿ ನಿಲ್ಲುತ್ತದೆ. ಮೈನಸ್ ಚಿಹ್ನೆಗೆ ಒಪ್ಪಿಸಿಬಿಟ್ಟರೆ ನಿಲ್ಲುವುದಿಲ್ಲ.

ವಿದ್ಯಾ_ಕುಡ್ಲ

ಮೇಷ್ಟ್ರೇ, ಕಿರಣ್ ಊಹಿಸಿಯೇ ತಪ್ಪಿದ್ದು ಎಂದು ನಾನು ಹೇಳಬಹುದು. ಇರಲಿ, ಅದಕ್ಕಿಂತ ನನಗೆ ನಿಮ್ಮಿಂದ ಬೇಕಾದದ್ದು ಬೇರೆ. ನಮ್ಮ ಟ್ರಸ್‌ಗಳಲ್ಲಿ ಪಿನ್ ಎಲ್ಲಿದೆ? ಗಸೆಟ್ ಪ್ಲೇಟ್‌ಗೆ ಎರಡು ಕಡೆ ವೆಲ್ಡ್ ಮಾಡಿದ ಜಾಯಿಂಟ್ ತಿರುಗುವುದಿಲ್ಲ, ಭಾರ ಜಾಯಿಂಟ್‌ನಲ್ಲೇ ಇದ್ದರೂ ಮೆಂಬರ್ ತುದಿಯಲ್ಲಿ ಸ್ವಲ್ಪ ಬಾಗುವಿಕೆ ಹುಟ್ಟುತ್ತದೆ. ತೆಳು ಆಂಗಲ್‌ಗಳಲ್ಲಿ ಅದನ್ನು ಬಿಡಬಹುದು, ಒಪ್ಪುತ್ತೇನೆ. ಗಿಡ್ಡ, ದಪ್ಪ ಮೆಂಬರ್‌ಗಳಲ್ಲಿ ಎಲ್ಲಿಯವರೆಗೆ ಬಿಡಬಹುದು?

ಗುರುಪಾದ ಮೇಷ್ಟ್ರು

ಮೆಂಬರ್‌ಗಳ ನಡುಗೆರೆಗಳು ಜಾಯಿಂಟ್‌ನಲ್ಲಿ ಒಂದೇ ಬಿಂದುವಿನಲ್ಲಿ ಕೂಡುವಂತೆ ಕೂರಿಸಿದ್ದರೆ ನಾನು ಬಿಡುತ್ತೇನೆ. ಕೂಡದಿದ್ದರೆ ಬಿಡುವುದಿಲ್ಲ. ಎಲ್ಲಿಯವರೆಗೆ ಎಂದು ಒಂದೇ ಅಂಕಿ ಹೇಳಲು ನಾನು ತಯಾರಿಲ್ಲ. ಮೆಂಬರಿನ ಉದ್ದಕ್ಕೂ ಆಳಕ್ಕೂ ಇರುವ ಅನುಪಾತ ನೋಡಬೇಕು.

ವಿದ್ಯಾ_ಕುಡ್ಲ

ನಾನು ಅಂಥ ಕಡೆ ಜಾಯಿಂಟ್ ಬಿಗಿಯಾಗಿಟ್ಟು ಇನ್ನೊಮ್ಮೆ ಕಂಪ್ಯೂಟರ್‌ನಲ್ಲಿ ಓಡಿಸುತ್ತೇನೆ. ಆದರೂ ಹಾಳೆಯ ಮೇಲೆ ಒಂದು ಸೆಕ್ಷನ್ ಕತ್ತರಿಸಿ ಕಾರ್ಡ್ ಬಲ ಹೋಲಿಸದೆ ಆ ಫಲಿತಾಂಶ ಯಾರಿಗೂ ಕಳಿಸುವುದಿಲ್ಲ. ನಡುವಿನ ಪ್ಯಾನೆಲ್‌ನಲ್ಲಿ ಒಂದು ಕತ್ತರಿ, ಎರಡು ನಿಮಿಷದ ಕೆಲಸ. ಒಮ್ಮೆ ತುದಿಯ ಅರ್ಧ ಭಾರವನ್ನು ಎರಡು ಸಲ ಹಾಕಿದ್ದು ನನಗೆ ಹಾಗೇ ಸಿಕ್ಕಿತು.

ಶ್ರೇಯಾ_ಸಿವಿಲ್

ತುದಿಯ ಅರ್ಧ ಭಾರ! ಮೇಡಂ, ನಿಮಗೂ ಅದೇನಾ!

ಬಲಭಾಗದಿಂದ ಟಾಪ್ ಕಾರ್ಡ್ ಕೂಡ ಈಗ ಮಾಡಿದೆ. ಕೆ3ರ ಸುತ್ತ, 15×6 − 6×2 − 6×4 = 54, ಮತ್ತೆ ಅದೇ 18, ಅದೇ 20.1. ಮೇ3ರ ಭಾರ ನೇರ ಕೆ3ರ ಮೇಲೆ ಬರುವುದರಿಂದ ಬಿಟ್ಟುಹೋಯಿತು, ಸರಿಯೇ ತಾನೇ ಸರ್?

ಗುರುಪಾದ ಮೇಷ್ಟ್ರು

ಸರಿ. ಅದು ಬಿಟ್ಟುಹೋಗಿಲ್ಲ, ದೂರ ಸೊನ್ನೆ. ಹಾಳೆಯಲ್ಲಿ 6×0 ಎಂದು ಬರೆದೇ ಮುಂದೆ ಹೋಗಿ.